ಸ್ಕ್ರೀನಿಂಗ್ ಕರೆಯ ನಂತರದ ಐದು ವಾಕ್ಯಗಳು

ನಾನು ಸೋಮವಾರಪೇಟೆಗೆ ಮರಳುವ ಮುನ್ನ ಬೆಂಗಳೂರಿನಲ್ಲಿ ಹಲವು ವರ್ಷ ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿದವಳು. ಆದ್ದರಿಂದಲೇ ಕಳೆದ ಜುಲೈನ ಒಂದು ಮಧ್ಯಾಹ್ನ ನನ್ನ ಅಣ್ಣನ ಮಗಳು ಫೋನ್ ಹಿಡಿದುಕೊಂಡು ಮನೆಗೆ ಬಂದು, "ಅತ್ತೆ, ಕಂಪನಿಯ ರಿಕ್ರೂಟರ್ ಮಾತನಾಡಿದರು, ಅವರಿಗೆ ಧನ್ಯವಾದದ ಪತ್ರ ಬರೆದಿದ್ದೇನೆ, ಒಮ್ಮೆ ನೋಡಿಕೊಡಿ" ಎಂದಾಗ ನನಗೆ ಸಂತೋಷವೂ ಸ್ವಲ್ಪ ಆತಂಕವೂ ಆಯಿತು. ಸಂತೋಷ, ಅವಳು ಬರೆದಳೆಂದು. ಆತಂಕ, ಅವಳು ಒಂದೂವರೆ ಪುಟ ಬರೆದಿದ್ದಳೆಂದು.

ಅವಳು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ಘಟಕದ ಪ್ರಯೋಗಾಲಯದಲ್ಲಿದ್ದಾಳೆ. ಬೆಂಗಳೂರಿನ ಒಂದು ರಫ್ತು ಸಂಸ್ಥೆಯಲ್ಲಿ ಗುಣಮಟ್ಟ ವಿಶ್ಲೇಷಕಿಯ ಹುದ್ದೆಗೆ ಅರ್ಜಿ ಹಾಕಿದ್ದಳು. ಆ ದಿನ ಬೆಳಿಗ್ಗೆ ಬಂದದ್ದು ಸ್ಕ್ರೀನಿಂಗ್ ಕರೆ, ಅಂದರೆ ಮುಂದಿನ ಸುತ್ತಿಗೆ ಮುನ್ನ ಅಭ್ಯರ್ಥಿಗಳನ್ನು ಸೋಸಿ ನೋಡುವ ಕರೆ, ಸುಮಾರು 20 ನಿಮಿಷದ್ದು. ಮಳೆಯ ದಿನವಾದ್ದರಿಂದ ನಡುವೆ ಎರಡು ಬಾರಿ ಕಡಿತವಾಗಿತ್ತು. ಪತ್ರದಲ್ಲಿ ಅವಳು "ಇಂತಹ ಅಮೂಲ್ಯ ಅವಕಾಶ", "ನನ್ನ ಕಠಿಣ ಪರಿಶ್ರಮ", "ನಿಮ್ಮ ಪ್ರತಿಷ್ಠಿತ ಸಂಸ್ಥೆ" ಎಂದೆಲ್ಲ ಬರೆದು, ರೆಸ್ಯೂಮೆಯಲ್ಲಿ ಇದ್ದುದನ್ನೇ ಮತ್ತೊಮ್ಮೆ ವಿವರಿಸಿದ್ದಳು. ಸಂಸ್ಥೆಯ ಹೆಸರನ್ನು ಬದಲಾಯಿಸಿದರೆ ಆ ಪತ್ರವನ್ನು ಯಾರಿಗೆ ಬೇಕಾದರೂ ಕಳುಹಿಸಬಹುದಿತ್ತು. ಓದುವವರಿಗೆ ಅದು ಮೊದಲ ಎರಡು ಸಾಲಿನಲ್ಲೇ ತಿಳಿಯುತ್ತದೆ.

ಈ ಪತ್ರ ಯಾತಕ್ಕೆ ಎಂಬುದು ತಿಳಿಯಬೇಕಾದರೆ, ಕರೆ ಮುಗಿದ ಮೇಲೆ ರಿಕ್ರೂಟರ್ ಏನು ಮಾಡುತ್ತಾರೆ ಎಂಬುದು ತಿಳಿದಿರಬೇಕು. ಅವರು ಸಾಮಾನ್ಯವಾಗಿ ಆ ಕೆಲಸದ ಒಳಗನ್ನು ಬಲ್ಲವರಲ್ಲ. ಕಾಫಿಯ ಗ್ರೇಡಿಂಗ್ ಆಗಲಿ, ಲೆಕ್ಕಪತ್ರವಾಗಲಿ, ಅವರ ಮುಂದೆ ಇರುವುದು ವಿಭಾಗದ ಮ್ಯಾನೇಜರ್ ಕೊಟ್ಟ ನಾಲ್ಕಾರು ಪ್ರಶ್ನೆಗಳು. ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟಿಸ್ ಅವಧಿ, ಊರು ಬಿಟ್ಟು ಬರಲು ಸಿದ್ಧರೇ, ಕೆಲಸ ಬಿಡುವ ಕಾರಣವೇನು, ಬೇಕಾದ ಅನುಭವ ಇದೆಯೇ ಎಂಬುದನ್ನು ಕೇಳಿ ಗುರುತು ಹಾಕಿಕೊಳ್ಳುತ್ತಾರೆ. ಅದೇ ದಿನ ಅಂತಹ ಇನ್ನೂ ಹಲವು ಕರೆಗಳಿರುತ್ತವೆ. ಕೆಲವರು ಕರೆ ಮುಗಿದ ಕೂಡಲೇ ಬರೆದುಬಿಡುತ್ತಾರೆ. ನಾನಾದರೆ ಹೆಚ್ಚಿನ ದಿನಗಳಲ್ಲಿ ಸಂಜೆ ಕುಳಿತು ಪ್ರತಿಯೊಬ್ಬರ ಬಗ್ಗೆ ಎರಡು ಮೂರು ಸಾಲಿನ ಸಾರಾಂಶ ಬರೆದು ಮ್ಯಾನೇಜರಿಗೆ ಕಳುಹಿಸುತ್ತಿದ್ದೆ. ಮುಂದಿನ ಸುತ್ತಿಗೆ ಯಾರನ್ನು ಕರೆಯಬೇಕೆಂದು ಮ್ಯಾನೇಜರ್ ತೀರ್ಮಾನಿಸುವಾಗ ಬಹುಮಟ್ಟಿಗೆ ಆ ಸಾಲುಗಳೇ ಅವರ ಕಣ್ಣಮುಂದೆ ಇರುತ್ತವೆ. ಸಂಜೆಯೊಳಗೆ ಬಂದು ಸೇರಿದ ಒಂದು ಚಿಕ್ಕ, ಖಚಿತವಾದ ಪತ್ರದ ವಾಕ್ಯವನ್ನು ನಾನು ಎಷ್ಟೋ ಬಾರಿ ಹಾಗೆಯೇ ಎತ್ತಿ ಸಾರಾಂಶದಲ್ಲಿ ಇಟ್ಟಿದ್ದೇನೆ. ಧನ್ಯವಾದ ಹೇಳುವುದು ಸೌಜನ್ಯ, ಅದು ಬೇಕು. ಆದರೆ ಪತ್ರ ಮಾಡುವ ನಿಜವಾದ ಕೆಲಸ ಆ ಸಾರಾಂಶವನ್ನು ಸರಿಪಡಿಸುವುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಪತ್ರವನ್ನು ಪಕ್ಕಕ್ಕಿಟ್ಟು ಅವಳನ್ನು ಕೇಳಿದೆ: "ಆ ಮೇಡಂ ನಿನ್ನ ಬಗ್ಗೆ ಏನನ್ನು ತಪ್ಪಾಗಿ ಬರೆದುಕೊಂಡಿರಬಹುದು?" ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ರೋಬಸ್ಟಾ ಬಗೆಯ ಕಾಫಿಯ ಅನುಭವ ಇದೆಯೇ ಎಂದು ಅವರು ಕೇಳಿದಾಗಲೇ ಕರೆ ಕಡಿತವಾಗಿತ್ತು. ಮತ್ತೆ ಸಂಪರ್ಕ ಸಿಕ್ಕಾಗ ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. ಮೊದಲೇ ಇವಳು ತನ್ನದು ಸೋಮವಾರಪೇಟೆ, ಮನೆಯ ತೋಟದಲ್ಲಿ ಅರೇಬಿಕಾ ಎಂದು ಹೇಳಿಕೊಂಡಿದ್ದಳು. ಹಾಗಾಗಿ 'ಅರೇಬಿಕಾ ಮಾತ್ರ' ಎಂದು ಅವರು ಬರೆದುಕೊಂಡಿರುವ ಸಾಧ್ಯತೆ ಸಾಕಷ್ಟಿತ್ತು. ನಿಜ ಬೇರೆಯೇ ಇತ್ತು: ಅವಳ ಘಟಕಕ್ಕೆ ಸಿದ್ದಾಪುರ, ವಿರಾಜಪೇಟೆ ಕಡೆಯಿಂದ ರೋಬಸ್ಟಾ ಬರುತ್ತದೆ, ಅದರ ಪರೀಕ್ಷೆ ಅವಳ ದಿನನಿತ್ಯದ ಕೆಲಸ. ಆ ಒಂದು ಸಂಗತಿ ಒಂದೂವರೆ ಪುಟದ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ.

ಕೊನೆಗೆ ಅವಳು ಕಳುಹಿಸಿದ್ದು ಇಂಗ್ಲಿಷಿನಲ್ಲಿ. ಅದರ ಕನ್ನಡ ರೂಪವನ್ನು ಇಲ್ಲಿ ಕೊಡುತ್ತಿದ್ದೇನೆ.

"ನಮಸ್ಕಾರ ಮೇಡಂ, ಇಂದು ಬೆಳಿಗ್ಗೆ ಗುಣಮಟ್ಟ ವಿಶ್ಲೇಷಕಿಯ ಹುದ್ದೆಯ ಬಗ್ಗೆ ಮಾತನಾಡಿದ್ದಕ್ಕೆ ಧನ್ಯವಾದಗಳು. ಪ್ರತಿ ತಿಂಗಳು ಒಂದು ವಾರ ಖರೀದಿ ಕೇಂದ್ರಗಳಿಗೆ ಹೋಗಿ ಸ್ಯಾಂಪಲ್ ನೋಡಬೇಕಾಗುತ್ತದೆ ಎಂದು ನೀವು ವಿವರಿಸಿದ್ದರಿಂದ ಕೆಲಸದ ಸ್ವರೂಪ ನನಗೆ ಸ್ಪಷ್ಟವಾಯಿತು, ಆ ಪ್ರಯಾಣಕ್ಕೆ ನಾನು ಸಿದ್ಧಳಿದ್ದೇನೆ. ಕರೆ ಕಡಿತವಾದಾಗ ನನ್ನ ಒಂದು ಉತ್ತರ ನಿಮಗೆ ಕೇಳಿಸಿರಲಿಕ್ಕಿಲ್ಲ: ಅರೇಬಿಕಾದ ಜೊತೆಗೆ ರೋಬಸ್ಟಾ ಸ್ಯಾಂಪಲ್‌ಗಳ ತೇವಾಂಶ, ದೋಷದ ಬೀಜಗಳ ಪರೀಕ್ಷೆ ಮತ್ತು ಕಪ್ಪಿಂಗನ್ನು ನಾನು ಎರಡು ಹಂಗಾಮಿನಿಂದ ಮಾಡುತ್ತಿದ್ದೇನೆ. ನನ್ನ ನೋಟಿಸ್ ಅವಧಿ 60 ದಿನ. ನೀವು ಕೇಳಿದ ತರಬೇತಿ ಪ್ರಮಾಣಪತ್ರವನ್ನು ಇದರೊಂದಿಗೆ ಇಟ್ಟಿದ್ದು, ಶುಕ್ರವಾರದೊಳಗೆ ತಿಳಿಸುವುದಾಗಿ ನೀವು ಹೇಳಿದ ಉತ್ತರಕ್ಕೆ ಕಾಯುತ್ತಿರುತ್ತೇನೆ."

ಐದೇ ವಾಕ್ಯ. ಫೋನಿನ ಪರದೆಯನ್ನು ಹೆಚ್ಚು ಸರಿಸದೆಯೇ ಓದಿ ಮುಗಿಸಬಹುದು. ಎರಡನೆಯ ವಾಕ್ಯವನ್ನು ಆ ಕರೆಯಲ್ಲಿ ಇದ್ದವರಲ್ಲದೆ ಬೇರೆ ಯಾರೂ ಬರೆಯಲು ಸಾಧ್ಯವಿಲ್ಲ. ಮೂರನೆಯದನ್ನು ರಿಕ್ರೂಟರ್ ಹಾಗೆಯೇ ಮ್ಯಾನೇಜರಿಗೆ ಕಳುಹಿಸಬಹುದು.

ಅವಳು ಇನ್ನೆರಡು ವಿಷಯ ಸೇರಿಸಬೇಕೆಂದಿದ್ದಳು, ಎರಡನ್ನೂ ನಾನು ತಡೆದೆ. ತಾನು ಹೇಳಿದ ಸಂಬಳ ಕಡಿಮೆಯಾಯಿತೆಂದು ಅವಳಿಗೆ ಅನ್ನಿಸುತ್ತಿತ್ತು, ಅದನ್ನು ಏರಿಸಿ ಬರೆಯಲೇ ಎಂದಳು. ಧನ್ಯವಾದದ ಪತ್ರದಲ್ಲಿ ಹೊಸ ಸಂಬಳ ಕಂಡರೆ, ಇವರ ಮಾತು ಸಂಜೆಯೊಳಗೆ ಬದಲಾಗುತ್ತದೆ ಎಂಬ ಟಿಪ್ಪಣಿಯೂ ಅದೇ ಸಾರಾಂಶಕ್ಕೆ ಸೇರುತ್ತದೆ. ಸಂಖ್ಯೆಯನ್ನೇ ತಪ್ಪು ಹೇಳಿದ್ದರೆ ತಿದ್ದಲೇಬೇಕು. ಮನಸ್ಸು ಬದಲಾಗಿದ್ದರೆ ಅದರ ಮಾತು ಮುಂದಿನ ಸುತ್ತುಗಳಲ್ಲಿ ಬರುತ್ತದೆ. ಎರಡನೆಯದು, ತನ್ನ ಕೆಲಸದ ಮಾದರಿಯೆಂದು ಘಟಕದ ಒಂದು ಪರೀಕ್ಷಾ ವರದಿಯನ್ನು ಲಗತ್ತಿಸುವುದು. ಅದರಲ್ಲಿ ಬೆಳೆಗಾರರ ಹೆಸರು, ಲಾಟಿನ ಸಂಖ್ಯೆ ಎಲ್ಲವೂ ಇದ್ದವು. ಅದು ಅವಳ ಸ್ವತ್ತಲ್ಲ. ಹಾಲಿ ಸಂಸ್ಥೆಯ ಕಾಗದವನ್ನು ಹೊರಗೆ ಕಳುಹಿಸಿದವರು ನಾಳೆ ನಮ್ಮದನ್ನೂ ಕಳುಹಿಸುತ್ತಾರೆ ಎಂದು ಓದುವವರು ಭಾವಿಸಿದರೆ ಅದನ್ನು ಅನ್ಯಾಯ ಎನ್ನಲಾಗದು.

ಕರೆಯ ಸಮಯವನ್ನು ನಿಗದಿಪಡಿಸಲು ಬಂದಿದ್ದ ಇಮೇಲಿಗೇ ಅವಳು ಉತ್ತರವಾಗಿ ಇದನ್ನು ಕಳುಹಿಸಿದಳು. ಹೊಸ ಇಮೇಲ್ ಆಗಿದ್ದರೆ ಯಾವ ಹುದ್ದೆಯ ಯಾವ ಅಭ್ಯರ್ಥಿ ಎಂದು ಅವರು ಹುಡುಕಬೇಕಾಗುತ್ತಿತ್ತು. ಎಲ್ಲ ಮಾತುಕತೆಯೂ ವಾಟ್ಸಾಪಿನಲ್ಲೇ ನಡೆದಿದ್ದರೆ ಅಲ್ಲಿಯೇ ಮೂರು ಸಾಲು ಸಾಕು. ಕರೆ ಮಾಡಿದವರು ಕನ್ಸಲ್ಟೆನ್ಸಿಯವರಾಗಿದ್ದರೆ ಪತ್ರ ಅವರಿಗೇ ಹೋಗಬೇಕು, ಅವರನ್ನು ದಾಟಿ ಸಂಸ್ಥೆಗೆ ನೇರವಾಗಿ ಬರೆಯಬಾರದು.

ನಮ್ಮ ಕಡೆಯವರು ಮಳೆಗಾಲದಲ್ಲಿ ಇನ್ನೊಂದನ್ನು ನೋಡಿಕೊಳ್ಳಬೇಕು. ನಾಲ್ಕು ಗಂಟೆಗೆ ಕಳುಹಿಸಿದ್ದಾಯಿತೆಂದು ಅವಳು ಮನೆಗೆ ಹೋದಳು. ಕರೆಂಟ್ ಹೋಗಿ, ಅದರ ಹಿಂದೆ ನೆಟ್‌ವರ್ಕೂ ಹೋಗಿತ್ತು. ಆರು ಗಂಟೆಗೆ ನೋಡಿದರೆ ಪತ್ರ ಇನ್ನೂ ಔಟ್‌ಬಾಕ್ಸಿನಲ್ಲೇ ಕುಳಿತಿತ್ತು. ಕೊಡೆ ಹಿಡಿದು ತೋಟದ ಮೇಲಿನ ರಸ್ತೆಯವರೆಗೆ ಹೋಗಿ, ಅದು ಸೆಂಟ್ ಪೆಟ್ಟಿಗೆಗೆ ಬಂದುದನ್ನು ಕಣ್ಣಾರೆ ನೋಡಿಯೇ ಇಳಿದಳು.

ಸಂಬಳ ಅವರ ಮಿತಿಯನ್ನು ಮೀರಿದ್ದರೆ, ಅಥವಾ 30 ದಿನದೊಳಗೆ ಬರುವವರೇ ಬೇಕಾಗಿದ್ದರೆ, ಈ ಪತ್ರದಿಂದ ಏನೂ ಬದಲಾಗುತ್ತಿರಲಿಲ್ಲ. ಇದನ್ನು ಅವಳಿಗೆ ಮೊದಲೇ ಹೇಳಿದ್ದೆ. ಮರುದಿನ ಬೆಳಿಗ್ಗೆ ಉತ್ತರ ಬಂತು: "ರೋಬಸ್ಟಾ ವಿವರಕ್ಕೆ ಧನ್ಯವಾದ, ನನ್ನ ಟಿಪ್ಪಣಿಯಲ್ಲಿ ಅದು ಇರಲಿಲ್ಲ, ಸೇರಿಸಿದ್ದೇನೆ." ಶುಕ್ರವಾರ ಕಳೆದರೂ ಬೇರೆ ಸುದ್ದಿ ಇರಲಿಲ್ಲ. ಸೋಮವಾರ ಅದೇ ಇಮೇಲಿನ ಕೆಳಗೆ ಎರಡು ಸಾಲು ಬರೆದು ವಿಚಾರಿಸಿದಳು, ಮಧ್ಯಾಹ್ನ ಮ್ಯಾನೇಜರ್ ಜೊತೆಗಿನ ಮಾತುಕತೆಗೆ ಬುಧವಾರದ ಸಮಯ ಬಂತು.