ಅರ್ಧವಾರ್ಷಿಕ ಚಕ್ರಬಡ್ಡಿ: 9,240 ಏಕೆ ತಪ್ಪು?

“ಅಸಲು 8,000, ವಾರ್ಷಿಕ ದರ 10%, ಅವಧಿ ಒಂದೂವರೆ ವರ್ಷ, ಬಡ್ಡಿ ಆರು ತಿಂಗಳಿಗೊಮ್ಮೆ ಸೇರುತ್ತದೆ. ಮೊತ್ತ 9,240 ತಾನೇ?”

ಅಲ್ಲ, 9,261. ಬಡ್ಡಿ ಆರು ತಿಂಗಳಿಗೊಮ್ಮೆ ಅಸಲಿಗೆ ಸೇರುವುದರಿಂದ ದರವನ್ನು ಅರ್ಧ ಮಾಡಿ 5% ಎಂದೂ ಅವಧಿಯನ್ನು ಎರಡುಪಟ್ಟು ಮಾಡಿ 3 ಕಂತು ಎಂದೂ ತೆಗೆದುಕೊಳ್ಳಬೇಕು. ಆಗ ಮೊತ್ತ 8,400, 8,820, 9,261 ಎಂದು ಬೆಳೆಯುತ್ತದೆ.

9,240 ಬರುವುದು ಮೊದಲ ವರ್ಷಕ್ಕೆ ಒಟ್ಟಿಗೆ 10% ಹಾಕಿ 8,800 ಮಾಡಿ, ಉಳಿದ ಆರು ತಿಂಗಳಿಗೆ 5% ಸೇರಿಸಿದಾಗ. ಇಲ್ಲಿ ಮೊದಲ ಕಂತಿನ ಬಡ್ಡಿ 400ರ ಮೇಲೆ ಎರಡನೇ ಕಂತಿನಲ್ಲಿ ಬರಬೇಕಿದ್ದ 20 ಬಿಟ್ಟುಹೋಗಿದೆ. ಆ 20ರ ಮೇಲೆ ಮೂರನೇ ಕಂತಿನಲ್ಲಿ ಬರಬೇಕಿದ್ದ 1 ಕೂಡ ಬಿಟ್ಟುಹೋಗಿದೆ. ಕೊರತೆ ಸರಿಯಾಗಿ 21. ಬಹು ಆಯ್ಕೆಯ ಪ್ರಶ್ನೆಗಳಲ್ಲಿ 9,240 ಕೂಡ ಆಯ್ಕೆಯಾಗಿ ಕೂತಿರುವುದುಂಟು, ಹಾಗಾಗಿ ‘ಹತ್ತಿರದ ಉತ್ತರ’ಕ್ಕೆ ಗುರುತು ಹಾಕುವ ಉಪಾಯ ಇಲ್ಲಿ ಕೈಕೊಡುತ್ತದೆ.