ವಡೆಯ ತೂತು

ಎಲ್ಲರ ಮನೆ ದೋಸೆಯೂ ತೂತೇ ಅಂತಾರೆ. ಒಳ್ಳೇ ಸಮಾಧಾನದ ಮಾತು. ಆದರೆ ಉದ್ದಿನ ವಡೆ ಮಾಡಲು ಹೊರಟಾಗ ನನ್ನ ಕಷ್ಟವೇ ಬೇರೆಯಾಯಿತು. ಎಲ್ಲರ ಮನೆ ವಡೆಯಲ್ಲೂ ತೂತು ಇರುತ್ತೆ, ನನ್ನದರಲ್ಲಿ ಮಾತ್ರ ನಿಲ್ಲಲೇ ಇಲ್ಲ.

ಆ ಭಾನುವಾರ ಒಂದು ಲೋಟ ಉದ್ದಿನಬೇಳೆ ನೆನೆಸಿದ್ದೆ. ಮಿಕ್ಸಿ ತಿರುಗಲಿಲ್ಲ ಅಂತ ಸ್ವಲ್ಪ ನೀರು ಸುರಿದೆ. ಮತ್ತೆ ನಿಂತಿತು, ಮತ್ತೆ ಸುರಿದೆ. ಕೊನೆಗೆ ಮಿಕ್ಸಿ ಖುಷಿಯಾಗಿ ತಿರುಗಿತು. ಅಷ್ಟರಲ್ಲಿ ಅರ್ಧ ಲೋಟ ನೀರು ಒಳಗೆ ಹೋಗಿತ್ತು. ಹಿಟ್ಟು ಕೈಯಲ್ಲಿ ನಿಲ್ಲದೆ ಬೆರಳ ಸಂದಿಯಿಂದ ಜಾರುತ್ತಿತ್ತು. ಹೇಗೋ ತೂತು ಮಾಡಿ ಎಣ್ಣೆಗೆ ಬಿಟ್ಟರೆ, ಬೀಳುವಷ್ಟರಲ್ಲೇ ಅದು ಮುಚ್ಚಿಕೊಂಡು ಬೋಂಡಾ ಆಗುತ್ತಿತ್ತು. ಮೇಲೆ ಕೆಂಪಾದ ಒಂದನ್ನು ಮುರಿದು ನೋಡಿದೆ. ನಡುವೆ ಹಸಿ ಹಿಟ್ಟು, ಸುತ್ತ ಎಣ್ಣೆ.

ಅಮ್ಮ ಬಂದು ಪಾತ್ರೆ ವಾಲಿಸಿ ನೋಡಿದಳು. "ನೀರೆಲ್ಲ ಹಿಟ್ಟಿಗೇ ಹಾಕಿದೀಯಲ್ಲೋ, ಕೈಗೆ ಹಚ್ಚಬೇಕಾದ್ದು ಅದು" ಅಂದಳು. ಎರಡು ಚಮಚ ಅಕ್ಕಿಹಿಟ್ಟು ಕಲಸಿ, ಪಾತ್ರೆಯನ್ನು ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟಳು. ಹಿಟ್ಟು ಸ್ವಲ್ಪ ಬಿಗಿಯಾಯಿತು, ಮಾನ ಉಳಿಯಿತು. ಆದರೆ ಅಕ್ಕಿಹಿಟ್ಟಿನಿಂದ ಗರಿಗರಿ ಬರುತ್ತೆ ಅಂತ ಇನ್ನೂ ಎರಡು ಚಮಚ ಸುರಿಯಲು ಹೋದ ನನ್ನ ಕೈ ಹಿಡಿದಳು. ಜಾಸ್ತಿಯಾದರೆ ಒಳಗಿನ ಮೆದು ಹೋಗಿ ವಡೆ ಗಟ್ಟಿಯಾಗುತ್ತಂತೆ.

ಆ ಬೈಗುಳವೇ ಆಮೇಲೆ ನನ್ನ ಪಾಕಶಾಸ್ತ್ರವಾಯಿತು. ಈಗ ಬೇಳೆ ಎರಡರಿಂದ ಮೂರು ಗಂಟೆ ನೆಂದರೆ ಸಾಕು ಅನ್ನುತ್ತೇನೆ. ನೆಂದ ಬೇಳೆಯನ್ನು ಜರಡಿಗೆ ಹಾಕಿ ನೀರು ಪೂರ್ತಿ ಬಸಿಯಬೇಕು. ರುಬ್ಬುವಾಗ ಫ್ರಿಜ್ಜಿನ ತಣ್ಣೀರನ್ನು ಚಮಚದಲ್ಲಿ ಚಿಮುಕಿಸಬೇಕು, ಸುರಿಯಬಾರದು. ಒಂದು ಲೋಟ ಬೇಳೆಗೆ ಮೂರು ನಾಲ್ಕು ಚಮಚದಲ್ಲಿ ನನ್ನ ಕೆಲಸ ಮುಗಿಯುತ್ತೆ. ಮಿಕ್ಸಿ ನಿಂತರೆ ನಿಲ್ಲಲಿ. ಮುಚ್ಚಳ ತೆಗೆದು ಚಮಚದಿಂದ ಕೆಳಗಿನದನ್ನು ಮೇಲೆ ತಂದು ಮತ್ತೆ ತಿರುಗಿಸಿದರಾಯಿತು. ತಣ್ಣೀರು ಯಾಕೆ ಅಂದರೆ ಮಿಕ್ಸಿಯ ಬಿಸಿಗೆ ಹಿಟ್ಟು ಕಾಯಬಾರದು. ಗ್ರೈಂಡರ್ ಇದ್ದವರಿಗೆ ಈ ಪಾಡಿಲ್ಲ, ಅವರ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು.

ರುಬ್ಬಿದ ಮೇಲೆ ಕೈಯಿಂದ ಎರಡು ಮೂರು ನಿಮಿಷ ಚೆನ್ನಾಗಿ ಬಡಿಯಬೇಕು. ಸುಮ್ನೆ ಕಲಸುವುದಲ್ಲ, ಗಾಳಿ ಸೇರಬೇಕು. ಆ ಗಾಳಿಯೇ ಬಿಸಿಗೆ ಹಿಗ್ಗಿ ಒಳಗನ್ನು ಹತ್ತಿಯಂತೆ ಮಾಡುವುದು. ಬಟ್ಟಲು ನೀರಿಗೆ ಚೂರು ಹಿಟ್ಟು ಹಾಕಿ ನೋಡಿ. ತೇಲಿದರೆ ಸರಿ, ಮುಳುಗಿದರೆ ಇನ್ನೂ ಬಡಿಯಬೇಕು. ಉಪ್ಪು, ಮೆಣಸು, ಶುಂಠಿ, ಕರಿಬೇವು ಎಲ್ಲ ಕೊನೆಗೆ. ಉಪ್ಪು ಹಾಕಿಟ್ಟರೆ ಹಿಟ್ಟು ನೀರು ಬಿಟ್ಟುಕೊಳ್ಳುತ್ತೆ, ಅಲ್ಲಿಗೆ ಕತೆ ಮೊದಲಿಗೇ ಬಂತು.

ಈಗ ಕೈ. ಉದ್ದಿನ ಹಿಟ್ಟಿನ ಅಂಟು ಒಣಗಿದ ಕೈ ಸಿಕ್ಕರೆ ಬಿಡುವುದಿಲ್ಲ. ನೀರಿನ ಒಂದು ತೆಳು ಪದರ ನಡುವೆ ಇದ್ದರೆ ಮಾತ್ರ ಜಾರುತ್ತೆ. ಅಮ್ಮ ಬಲಗೈಯನ್ನು ನೀರಲ್ಲಿ ಅದ್ದಿ ಒಂದು ಸಲ ಕೊಡವುತ್ತಾಳೆ. ಕೊಡವದಿದ್ದರೆ ಹನಿ ಎಣ್ಣೆಗೆ ಬಿದ್ದು ಸಿಡಿಯುತ್ತೆ, ನನ್ನ ಮುಂಗೈಯಲ್ಲಿ ಅದರ ಗುರುತಿದೆ. ನಿಂಬೆಹಣ್ಣಿಗಿಂತ ಕೊಂಚ ದೊಡ್ಡ ಉಂಡೆಯನ್ನು ನಾಲ್ಕು ಬೆರಳ ಮೇಲೆ ಇಟ್ಟು, ಒದ್ದೆ ಹೆಬ್ಬೆರಳನ್ನು ನಡುವೆ ಒತ್ತಿ ಒಂದು ಸುತ್ತು ತಿರುಗಿಸುತ್ತಾಳೆ. ತೂತು ಬೇಕಾದ್ದಕ್ಕಿಂತ ಒಂದು ಸುತ್ತು ದೊಡ್ಡದೇ ಇರಬೇಕು, ಯಾಕಂದರೆ ಎಣ್ಣೆಯಲ್ಲಿ ವಡೆ ಉಬ್ಬಿ ಅದು ಕಿರಿದಾಗುತ್ತೆ. ಆಮೇಲೆ ಕೈಯನ್ನು ಎಣ್ಣೆಯ ಹತ್ತಿರ ತಂದು ಬೆರಳು ಬಾಗಿಸುತ್ತಾಳೆ, ವಡೆ ತಾನೇ ಜಾರುತ್ತೆ. ಹೆದರಿ ಮೇಲಿಂದ ಎಸೆದರೆ ಆಕಾರವೂ ಕೆಡುತ್ತೆ, ಎಣ್ಣೆಯೂ ಹಾರುತ್ತೆ. ಪ್ರತಿ ವಡೆಗೂ ಮತ್ತೆ ನೀರಿಗೆ ಕೈ.

ತೂತು ಬರೀ ಅಂದಕ್ಕಲ್ಲ. ನಡುಭಾಗವೇ ಬೇಯಲು ತಡ ಮಾಡುವ ಜಾಗ, ಅದನ್ನು ತೆಗೆದುಬಿಟ್ಟರೆ ಬಿಸಿಗೆ ಎಲ್ಲ ಕಡೆಯೂ ಹತ್ತಿರ. ಗರಿಗರಿಯಾಗಲು ಒಳಗೊಂದು ಅಂಚೂ ಜಾಸ್ತಿ ಸಿಗುತ್ತೆ. ಉರಿ ಮಧ್ಯಮ ಇರಲಿ. ಹದ ನೋಡಲು ಹಾಕಿದ ಚೂರು ತಕ್ಷಣ ಕಪ್ಪಾಗದೆ, ತಳದಲ್ಲೂ ಕೂರದೆ, ಗುಳ್ಳೆ ಬಿಡುತ್ತ ಮೇಲೇರಬೇಕು. ಎಣ್ಣೆಯ ಸದ್ದು ಇಳಿದು ಗುಳ್ಳೆ ಕಡಿಮೆಯಾದಾಗ ತೆಗೆಯುವ ಹೊತ್ತು.

ಪಾತ್ರೆಯ ಅಂಚು ಬಳಿದಾಗ ಸಿಗುವ ಕೊನೆಯ ಚೂರಿಗೆ ತೂತು ಮಾಡುವಷ್ಟು ಮೈ ಇರುವುದಿಲ್ಲ. ಹಾಗೇ ಎಣ್ಣೆಗೆ ಬಿಡುತ್ತೇನೆ. ಆ ಮರಿ ವಡೆ ತಟ್ಟೆಗೆ ಹೋಗುವುದಿಲ್ಲ, ಒಲೆಯ ಮುಂದೆ ನಿಂತೇ ನನ್ನ ಬಾಯಿಗೆ.