ಬುಧವಾರದ ಲೆಕ್ಕಕ್ಕೆ ಹೋದ ಗುರುವಾರದ ಹಾಲು

ಈ ಶುಕ್ರವಾರ ಪುಣೆಯ ಆಫೀಸಿನಲ್ಲಿ ನನ್ನ ಕೊನೆಯ ದಿನ. ಬೆಳಗಿನ ಜಾವ ಮನೆಮನೆಗೆ ಹಾಲು ಮುಟ್ಟಿಸುವ ಕಂಪನಿಯೊಂದರಲ್ಲಿ ಡೇಟಾ ನೋಡಿಕೊಳ್ಳುತ್ತಿದ್ದೆ. ನನ್ನ ಜಾಗಕ್ಕೆ ಬಂದಿರುವ ಹುಡುಗ ವಿಜಯಪುರದವನು. ಅವನಿಗಾಗಿ ಎರಡು ವಾರದಿಂದ ಹ್ಯಾಂಡೋವರ್ ಡಾಕ್ಯುಮೆಂಟ್ ಬರೆಯುತ್ತಿದ್ದೇನೆ. ನಾನು ಸೇರಿದಾಗ ನನ್ನ ಕೈಗೆ ಸಿಕ್ಕಿದ್ದು ಬರೀ ಲಿಂಕುಗಳ ಪಟ್ಟಿ. ಯಾವ ಡ್ಯಾಶ್‌ಬೋರ್ಡ್ ಎಲ್ಲಿದೆ ಅಂತ ಅದರಲ್ಲಿತ್ತು, ಅದು ಯಾವಾಗ ತಪ್ಪು ತೋರಿಸುತ್ತದೆ ಅಂತ ಇರಲಿಲ್ಲ. ಆ ಎರಡನೆಯದು ಮೊದಲ ಪುಟದಲ್ಲೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

2023ರ ಸೆಪ್ಟೆಂಬರ್ 28, ಗುರುವಾರ, ಅನಂತ ಚತುರ್ದಶಿ. ವಿಸರ್ಜನೆಯ ದಿನ ಪುಣೆಯ ಪೇಟೆ ಭಾಗದ ರಸ್ತೆಗಳು ಮೆರವಣಿಗೆಗೆ ಬಂದ್ ಆಗುತ್ತವೆ. ಹಾಗಾಗಿ ನಮ್ಮ ಹುಡುಗರು ಅವತ್ತು ಮೂರೂವರೆಗೇ ಗಾಡಿ ತೆಗೆದು, ಬಹುಪಾಲು ಹಾಲನ್ನು ಐದೂವರೆಯೊಳಗೆ ಮುಟ್ಟಿಸಿಬಿಟ್ಟಿದ್ದರು. ಮರುದಿನ ಡ್ಯಾಶ್‌ಬೋರ್ಡ್ ನೋಡಿದರೆ ಗುರುವಾರದ ಡೆಲಿವರಿ 900. ದಿನಾ 2,000 ಇರುತ್ತದೆ. ಸೂಪರ್‌ವೈಸರ್ ಫೋನಿನಲ್ಲಿ ಬೈಸಿಕೊಂಡರು. ಆ ದಿನದ ಇನ್ಸೆಂಟಿವ್ ಕಡಿತ ಮಾಡುವ ಮಾತೂ ಬಂತು. ರಾತ್ರಿಯೆಲ್ಲ ನಿದ್ದೆಗೆಟ್ಟವರ ದುಡ್ಡು ಅದು.

ನಾನು ಅದರ ಹಿಂದಿನ ದಿನ ತೆಗೆದು ನೋಡಿದೆ. ಬುಧವಾರ 3,100! ಎರಡೂ ಕೂಡಿಸಿದರೆ ಸರಿಯಾಗಿ 4,000. ಹಾಲು ಎಲ್ಲೂ ಹೋಗಿರಲಿಲ್ಲ, ದಿನ ಬದಲಾಗಿತ್ತು ಅಷ್ಟೇ. (ಅಂಕಿಗಳನ್ನು ಇಲ್ಲಿ ರೌಂಡ್ ಮಾಡಿದ್ದೇನೆ.)

ನಮ್ಮ ಡೇಟಾಬೇಸ್ ಸಮಯವನ್ನು ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆ ಲೆಕ್ಕದಲ್ಲಿ ಹೊಸ ದಿನ ಹುಟ್ಟುವುದು ನಮ್ಮ ಬೆಳಗಿನ 5.30ಕ್ಕೆ, ಅದಕ್ಕಿಂತ ಮೊದಲು ಕೊಟ್ಟ ಹಾಲೆಲ್ಲ ನಿನ್ನೆಯ ಖಾತೆಗೆ. ಮಾಮೂಲಿ ದಿನ ಸುಮಾರು 300 ಡೆಲಿವರಿ ಹೀಗೆ ಹಿಂದಕ್ಕೆ ಹೋದರೆ, ನಾಳೆಯ 300 ಬಂದು ಆ ಜಾಗ ತುಂಬುತ್ತಿದ್ದವು. ಮೊತ್ತ ಸರಿ ಕಾಣುತ್ತಿತ್ತು, ಯಾರಿಗೂ ಸಂಶಯ ಬರಲಿಲ್ಲ. ಅವತ್ತು ಮಾತ್ರ ಹಿಂದಕ್ಕೆ ಹೋದದ್ದು 1,400, ತುಂಬಲು ಬಂದದ್ದು ಅದೇ 300. ವಾರದ ಮೊತ್ತದಲ್ಲಂತೂ ಇದು ಕಾಣುವುದೇ ಇಲ್ಲ, ಸೋಮವಾರ ನಸುಕಿನ ಡೆಲಿವರಿಗಳಷ್ಟೇ ಹಿಂದಿನ ವಾರಕ್ಕೆ ಜಾರುತ್ತವೆ.

ರಿಪೇರಿ ಒಂದೇ ಸಾಲಿನದು. ನಮ್ಮದು ಮೈಎಸ್‌ಕ್ಯೂಎಲ್, ಅದರಲ್ಲಿ ಹೀಗೆ:

```sql
DATE(CONVERT_TZ(delivered_at, '+00:00', '+05:30'))
```

ಆದರೆ ಹಳೆಯ ವರದಿಗಳೆಲ್ಲ ಆಗಲೇ ಅಕೌಂಟ್ಸಿಗೆ ಹೋಗಿ, ಪಗಾರವೂ ಆಗಿತ್ತು. ಅವನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಕೊನೆಗೆ 2024ರ ಏಪ್ರಿಲ್ 1ರಿಂದ ಹೊಸ ಲೆಕ್ಕ ಅಂತಾಯಿತು. ಅವತ್ತು ಸೋಮವಾರ, ಹೊಸ ಆರ್ಥಿಕ ವರ್ಷ ಬೇರೆ, ಹಾಗಾಗಿ ಯಾವ ವಾರವೂ ಅರ್ಧಕ್ಕೆ ಮುರಿಯಲಿಲ್ಲ. ಅದಕ್ಕಿಂತ ಹಿಂದಿನ ಒಂದೊಂದು ದಿನವನ್ನು ಈಗಿನ ದಿನದ ಪಕ್ಕ ಇಟ್ಟು ಹೋಲಿಸಬಾರದು. ಈ ತಾರೀಖನ್ನು ಡಾಕ್ಯುಮೆಂಟಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಅದು ಗೊತ್ತಿಲ್ಲದಿದ್ದರೆ ಮುಂದೊಂದು ವರ್ಷ ಯಾರೋ ವಿಸರ್ಜನೆಯ ದಿನವನ್ನು 2023ರ ಜೊತೆ ಹೋಲಿಸಿ "ಎರಡು ಪಟ್ಟು ಬೆಳವಣಿಗೆ" ಅಂತ ಸ್ಲೈಡ್ ಮಾಡುತ್ತಾರೆ.

"ಅಕ್ಕಾರ, ಇದು ಮತ್ತ ಕೆಟ್ಟರ ನನಗ ಹೆಂಗ ಗೊತ್ತಾಗ್ಬೇಕ್ರಿ?" ಅಂತ ಹುಡುಗ ಕೇಳಿದ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ ಅಂತ ಖುಷಿಯಾಯಿತು.

ಸೋಮವಾರ ಹತ್ತಕ್ಕೆ ವರದಿ ಹೋಗುತ್ತದೆ. ಅದಕ್ಕೂ ಮೊದಲು ಮೊತ್ತ ನೋಡಬೇಡ, ಗಂಟೆವಾರು ಗ್ರಾಫ್ ತೆಗಿ ಅಂದೆ. ನಮ್ಮ ಹಾಲು ಹೆಚ್ಚಾಗಿ ಮುಟ್ಟುವುದು ಐದರಿಂದ ಏಳರೊಳಗೆ, ಗ್ರಾಫಿನ ಗುಡ್ಡ ಅಲ್ಲೇ ಇರಬೇಕು. ಅದು ರಾತ್ರಿ ಹನ್ನೊಂದೂವರೆಯಿಂದ ಒಂದೂವರೆಯ ನಡುವೆ ಕಂಡರೆ ಸಮಯ ಬದಲಾಗದೆ ಹಾಗೇ ಬಂದಿದೆ. ಬೆಳಿಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆಯ ನಡುವೆ ಕಂಡರೆ ಎರಡು ಸಲ ಬದಲಾಗಿದೆ: ಕ್ವೆರಿಯಲ್ಲಿ ಒಮ್ಮೆ, ಡ್ಯಾಶ್‌ಬೋರ್ಡಿನ ಟೈಮ್‌ಜೋನ್ ಸೆಟ್ಟಿಂಗಿನಲ್ಲಿ ಇನ್ನೊಮ್ಮೆ. ಹೊಸ ಡ್ಯಾಶ್‌ಬೋರ್ಡ್ ಮಾಡುವವರು ಈ ಎರಡನೆಯ ತಪ್ಪನ್ನೇ ಹೆಚ್ಚು ಮಾಡುತ್ತಾರೆ. ಆಗ ಸಂಜೆ ಆರೂವರೆಯ ನಂತರ ಕೊಟ್ಟ ಪನೀರು, ಮೊಸರು ಎಲ್ಲ ನಾಳೆಯ ಲೆಕ್ಕಕ್ಕೆ ಹೋಗುತ್ತವೆ.

ಮೂರೂ ಗುಡ್ಡಗಳ ಸ್ಕ್ರೀನ್‌ಶಾಟ್ ಹಾಕ್ರಿ ಅಂದ. ಹಾಕಿದೆ. ನಿನ್ನೆ ಬೇಕಂತಲೇ ಟೆಸ್ಟ್ ಡ್ಯಾಶ್‌ಬೋರ್ಡಿನಲ್ಲಿ ಸೆಟ್ಟಿಂಗ್ ಕೆಡಿಸಿ ಅವನ ಕೈಗೆ ಕೊಟ್ಟಿದ್ದೆ. ಚಹಾ ಆರುವುದರೊಳಗೆ "ಎರಡು ಸಲ ಆಗೇತ್ರಿ ಅಕ್ಕಾರ" ಅಂದ.